ಕಾಲರಿನ ನೀಲಿ

ಕಾಕಾನ ಎಡಗೈ ತೋರುಬೆರಳಿನ ತುದಿ ಸಣ್ಣ ಜರಡಿಯ ಹಾಗಿತ್ತು. ನಲವತ್ತು ವರ್ಷ ಸೂಜಿಯ ಮೊನೆ ಬಟ್ಟೆಯ ಆಚೆ ಬದಿಗೆ ಬಂದು ತಾಗುತ್ತಿದ್ದ ಜಾಗ ಅದು. ಚರ್ಮ ದಪ್ಪಗಟ್ಟಿ ಹಳದಿಯಾಗಿತ್ತು, ಅದರ ತುಂಬ ಚುಕ್ಕೆ ಚುಕ್ಕೆ ತೂತು. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿ ಅವರ ಡಬ್ಬಿಯಲ್ಲೇ ಬಿದ್ದಿತ್ತು, ಹಾಕಿಕೊಳ್ಳುತ್ತಿರಲಿಲ್ಲ.

“ಅದನ್ನ ಹಾಕ್ಕೊಂಡ್ರ ಸೂಜಿ ಎಲ್ಲಿ ಐತಿ ಅಂತ ಬೆರಳಿಗೆ ತಿಳಿಯಂಗಿಲ್ರಿ ಮಾಸ್ತರ್ರ. ಸೂಜೀನ ಒಂದ ಗಳಿಗಿ ಸೈತ ನಂಬಬಾರ್ದು.”

ಎಡಗೈ ಎಂದು ಬರೆದೆ. ನಿಜವಾಗಿ ನೆನಪಿದೆಯೇ ಎಂದು ಕೇಳಿಕೊಂಡರೆ, ಇಲ್ಲ. ಬಲಗೈಯಲ್ಲಿ ಸೂಜಿ ಹಿಡಿಯುವವನ ಎಡಗೈಗೇ ಮೊನೆ ತಾಗಬೇಕು ಎಂಬ ತರ್ಕ ಮಾತ್ರ ಇದೆ. ಹಳೆಯದನ್ನು ಬರೆಯಲು ಕೂತಾಗ ತರ್ಕ ಹೀಗೆ ನೆನಪಿನ ಅಂಗಿ ತೊಟ್ಟು ಬಂದು ಕೂರುತ್ತದೆ. ಓದುವವರು ನನ್ನನ್ನೂ ಸ್ವಲ್ಪ ಅನುಮಾನದಿಂದಲೇ ಓದಲಿ. ಕಾಕಾ ನನಗೆ ಕಲಿಸಿದ್ದು ಅದೊಂದನ್ನೇ.

ಅವರು ನನ್ನ ರಕ್ತಸಂಬಂಧಿಯಲ್ಲ. ಯಲಬುರ್ಗಾ ಕಡೆಯ ಮಂಗಳೂರಿನಿಂದ ಕೊಪ್ಪಳದ ಸಾಲೆಗೆ ಕನ್ನಡ ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತು ವರ್ಷ. ಬಾಡಿಗೆಗೆ ಸಿಕ್ಕ ಖೋಲಿಯ ಎದುರಿಗೇ ಅವರ ಮನೆ. ಮನೆಯ ಮುಂದಿನ ಅಂಕಣವೇ ಅಂಗಡಿ. ಅಲ್ಲಿ ಒಂದು ಮಷೀನು, ಒಂದು ಚಾಪೆ, ಗೋಡೆಗೆ ಒರಗಿಸಿದ ಕಬ್ಬಿಣದ ಗಜ. ಅವರ ಹೆಂಡತಿಯನ್ನು ಓಣಿಯವರೆಲ್ಲ ಚಿಗವ್ವ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮಕ್ಕಳು ಮದುವೆಯಾಗಿ ಗಂಗಾವತಿ, ಕುಷ್ಟಗಿ ಎಂದು ಹೋಗಿದ್ದರು.

ಅನುಮಾನ ಅವರಿಗೆ ಕಸುಬಿನಿಂದ ಬಂದದ್ದೋ, ಹುಟ್ಟಿನಿಂದ ಬಂದದ್ದೋ ಗೊತ್ತಿಲ್ಲ. ಯಾರು ಬಟ್ಟೆ ತಂದರೂ ನೀರಿನಲ್ಲಿ ನೆನೆಸದೆ ಕತ್ತರಿ ಹಾಕುತ್ತಿರಲಿಲ್ಲ. “ನೆನಸೇ ತಂದೀನಿ ಕಾಕಾ” ಅಂದವರ ಎದುರಿಗೇ ಮತ್ತೆ ಬುಟ್ಟಿಗೆ ಹಾಕುತ್ತಿದ್ದರು. ಗಿರಾಕಿ ಅಳತೆಗೆ ನಿಂತಾಗ ಹೊಟ್ಟೆ ಒಳಗೆ ಎಳೆದುಕೊಂಡರೆ ಟೇಪು ಹಿಡಿದು ಸುಮ್ಮನೆ ಕಾಯುವರು. ಎಷ್ಟು ಹೊತ್ತು ಉಸಿರು ಹಿಡಿದಾನು? “ಬಿಟ್ರೇನ್ರಿ? ಹಾಂ, ಈಗ ಅಳೀತೀನಿ.” ಅವರ ಮಾತು ಒಂದೇ: ಅಳೆದದ್ದನ್ನ ನಂಬು, ಹೇಳಿದ್ದನ್ನ ನಂಬಬ್ಯಾಡ.

ನಾನು ಬಂದ ವರ್ಷದ ಯುಗಾದಿ. ಗುಡಿಯ ಕಟ್ಟೆಯ ಮೇಲೆ ಭಟ್ಟರು ಪಂಚಾಂಗ ಓದಿದರು. ಹೊಸ ಸಂವತ್ಸರದ ಹೆಸರು ಚಿತ್ರಭಾನು. ಮಳೆ ಎಷ್ಟು, ಬೆಳೆ ಎಷ್ಟು ಎಂದು ಜನ ಕಿವಿಗೊಟ್ಟು ಕೇಳುತ್ತಿದ್ದರೆ ಕಾಕಾ ಎದ್ದು ನಿಂತರು.

“ಏನಂದ್ರಿ ಹೆಸರು? ಮತ್ತೊಮ್ಮೆ ಓದ್ರಿ.”

“ಚಿತ್ರಭಾನು.”

“ಸರಿಯಾಗಿ ನೋಡ್ರಿ. ಹೋದ ವರ್ಷದ ಹಾಳಿ ತಗದೀರಿ.”

ಅರವತ್ತು ಸಂವತ್ಸರಗಳು ಒಂದು ಸುತ್ತು. ಹುಟ್ಟಿದ ಸಂವತ್ಸರದ ಹೆಸರು ಮತ್ತೊಮ್ಮೆ ಬಂದರೆ ಅರವತ್ತಾಯಿತು ಎಂದೇ ಅರ್ಥ. ಕಾಕಾನ ತಾಯಿ ಅವರಿಗೆ ಹೇಳಿಕೊಟ್ಟದ್ದು ಒಂದೇ ಗುರುತು, ನೀ ಹುಟ್ಟಿದ್ದು ಚಿತ್ರಭಾನುವಿನೊಳಗೆ ಎಂದು. ಅವರು ತಮ್ಮನ್ನು ಐವತ್ತರ ಆಚೆ ಈಚೆ ಎಂದುಕೊಂಡಿದ್ದರು. ಭಟ್ಟರು ಪಂಚಾಂಗವನ್ನೇ ಅವರ ಮುಂದೆ ಹಿಡಿದರು. ಕಾಕಾ ಅದನ್ನು ತೋಳುದ್ದ ದೂರ ಸರಿಸಿ, ಆಮೇಲೆ ಕನ್ನಡಕ ಹಾಕಿ, ಆಮೇಲೆ ನನ್ನ ಕೈಗೆ ಕೊಟ್ಟು ಓದಿಸಿದರು. ನಾನೂ ಚಿತ್ರಭಾನು ಎಂದೇ ಓದಿದೆ. ಮನೆಗೆ ಬಂದು ಚಿಗವ್ವನಿಗೆ ಹೇಳಿದ್ದು ಇದು: “ಮುದಿತನ ಅಂದ್ರ ಹಿಂಗ ಬರ್ತೈತಿ ನೋಡು. ನಿನ್ನೆ ಇರಲಿಲ್ಲ, ಇವತ್ತು ಭಟ್ಟ ಓದಿದ ಕೂಡ್ಲೆ ಬಂತು.”

“ನನಗ ಹತ್ತು ವರ್ಷದ ಹಿಂದಽ ಗೊತ್ತಿತ್ತು,” ಅಂದಳು ಚಿಗವ್ವ, ಬೇವುಬೆಲ್ಲ ಕೊಡುತ್ತ. “ನೀವು ಕೇಳಲಿಲ್ಲ, ನಾ ಹೇಳಲಿಲ್ಲ.”

ಭಟ್ಟ ಹೇಳಿದ್ದನ್ನು ನಂಬದ ಮನುಷ್ಯ ಅಳೆಯಲು ಹೊರಟರು. ಅಂಗಡಿಯ ಬಾಗಿಲ ಕಂಬದಲ್ಲಿ ಒಂದು ಗೀರು ಇತ್ತು. ಅವರ ಮದುವೆಗೆ ಕೋಟು ಹೊಲಿಯುವಾಗ ಅವರ ಅಪ್ಪ, ಅವರೂ ದರ್ಜಿಯೇ, ಮಗನನ್ನು ಕಂಬಕ್ಕೆ ನಿಲ್ಲಿಸಿ ನೆತ್ತಿಗೆ ಸರಿಯಾಗಿ ಕತ್ತರಿಯಿಂದ ಎಳೆದದ್ದು. ಕಾಕಾ ಕಂಬಕ್ಕೆ ಬೆನ್ನು ಹಚ್ಚಿ ನಿಂತರು. ನನ್ನನ್ನು ಕರೆದು ತಲೆಯ ಮೇಲೆ ಗಜವನ್ನು ಅಡ್ಡ ಹಿಡಿಸಿದರು. ಗೀರು ಗಜಕ್ಕಿಂತ ಒಂದು ಹೆಬ್ಬೆರಳಿನಷ್ಟು ಮೇಲಿತ್ತು.

“ಕಂಬ ಬೆಳದೈತಿ,” ಅಂದರು.

“ಸತ್ತ ಮರ ಹೆಂಗ ಬೆಳೀತೈತ್ರಿ?”

ಕಾಲ ಕೆಳಗೆ ನೋಡಿಕೊಂಡರು. “ಹಂಗಾದ್ರ ನೆಲ ಕುಸದೈತಿ.”

ಅದೂ ಹುರುಳಿಲ್ಲದ ಅನುಮಾನವಲ್ಲ. ನೆಲವನ್ನು ಪರೀಕ್ಷಿಸಲು ಕಂಬದ ಬುಡವನ್ನು ಕೆದರಿದರು. ಅಲ್ಲಿ ಆದದ್ದೇ ಬೇರೆ. ನಲವತ್ತು ವರ್ಷ ಚಿಗವ್ವ ಸೆಗಣಿ ಹಾಕಿ ಸಾರಿಸಿ ಸಾರಿಸಿ ನೆಲ ಕುಸಿಯುವ ಬದಲು ಎರಡು ಬೆರಳು ಮೇಲೆದ್ದಿತ್ತು. ಅಂದರೆ ಎರಡು ಬೆರಳು ಎತ್ತರದ ನೆಲದ ಮೇಲೆ ನಿಂತೂ ಕಾಕಾ ಗೀರಿಗೆ ಮುಟ್ಟುತ್ತಿರಲಿಲ್ಲ. ಕೆದರಿದ ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅವರು ನಕ್ಕದ್ದು ನನಗೆ ಈಗಲೂ ಕೇಳಿಸುತ್ತದೆ. “ಅನುಮಾನ ಮಾಡಿದ್ದಕ್ಕ ದಂಡ ಬಿತ್ತಲ್ರೀ ಮಾಸ್ತರ್ರ! ಸುಮ್ನಿದ್ರ ಹೆಬ್ಬೆರಳಿಗೆ ಮುಗೀತಿತ್ತು.”

ಅಲ್ಲಿಂದ ಅವರಿಗೆ ತಮ್ಮ ಮೈಯೇ ಒಂದು ಗಿರಾಕಿಯಾಯಿತು, ಅದೂ ಸುಳ್ಳು ಹೇಳುವ ಗಿರಾಕಿ. ಬೆಳಿಗ್ಗೆ ಎದ್ದ ಕೂಡಲೇ ಕಂಬಕ್ಕೆ ನಿಲ್ಲುವರು, ಸಂಜೆ ದೀಪ ಹಚ್ಚುವ ಮುಂಚೆ ಮತ್ತೆ ನಿಲ್ಲುವರು. ಬಟ್ಟೆಗೆ ಗುರುತು ಮಾಡುವ ಖಡುವಿನಿಂದ ಚಿಗವ್ವ ಗೆರೆ ಎಳೆಯಬೇಕು. ಬೆಳಗಿನ ಗೆರೆ ಸಂಜೆಯದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ ಬರುತ್ತಿತ್ತು. ಮೊದಲು ಚಿಗವ್ವನ ಕೈಯನ್ನು ಅನುಮಾನಿಸಿದರು. ನನ್ನನ್ನೂ ನಿಲ್ಲಿಸಿ ನೋಡಿದರು. ನನ್ನದೂ ಹಾಗೇ ಬಂತು. ಬೆನ್ನಿನ ಎಲುಬುಗಳ ನಡುವಿನ ಮೆತ್ತೆಗಳು ರಾತ್ರಿ ಮಲಗಿದಾಗ ಉಬ್ಬಿ, ಹಗಲು ಮೈಯ ಭಾರಕ್ಕೆ ಅಮುಕಿ ಹೋಗುತ್ತವೆ, ವಯಸ್ಸಾದಂತೆ ಅವು ಒಣಗಿ ತೆಳ್ಳಗಾಗುತ್ತವೆ ಎಂಬುದನ್ನು ನಾನು ಬಹಳ ವರ್ಷಗಳ ಮೇಲೆ ಓದಿದೆ. ಕಾಕಾ ಪುಸ್ತಕವಿಲ್ಲದೆಯೇ ಅದರ ಹತ್ತಿರ ಬಂದಿದ್ದರು. “ಗಾದಿಯೊಳಗಿನ ಹತ್ತಿ ಇದ್ದಂಗ್ರಿ. ನೀವು ಝಾಡಿಸಿದ್ರ ಮತ್ತ ಏಳತೈತಿ. ನಂದು ಗಂಟಾಗೇತಿ.”

ಕೈ ಬೆನ್ನಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟು, ಅದು ಮತ್ತೆ ಕೂಡುವ ತನಕ ಎಣಿಸುತ್ತಿದ್ದರು. ನನ್ನದು ಒಂದು ಅನ್ನುವಷ್ಟರಲ್ಲಿ ಕೂಡುತ್ತಿತ್ತು. ಅವರದು ನಾಲ್ಕು, ಐದು. “ಕೋಟು ಸಣ್ಣದಾಗೇತಿ, ಅಸ್ತರು ಅಷ್ಟಽ ಉಳದೈತಿ. ಸಡಿಲ ಬೀಳದೇನ್ ಮಾಡೀತು?” ಬಟ್ಟೆಯ ಮಡಿಕೆ ಗೀರಲು ಬಳಸುತ್ತಿದ್ದ ಹೆಬ್ಬೆರಳ ಉಗುರಿನಲ್ಲಿ ಉದ್ದುದ್ದ ಏಣುಗಳೆದ್ದು ರೇಶ್ಮೆಯ ಎಳೆ ಸಿಕ್ಕತೊಡಗಿತು. ಉಗುರಿನ ಬುಡದಲ್ಲಿ ಸೂಜಿಯಿಂದ ಗೀರಿ, ಆ ಗೀರು ತುದಿಗೆ ಬರಲು ಎಷ್ಟು ಅಮಾವಾಸ್ಯೆ ಹಿಡಿಯಿತು ಎಂದು ನೋಡಿ, ಉಗುರೂ ಸೋಮಾರಿಯಾಗಿದೆ ಎಂದು ತೀರ್ಮಾನಿಸಿದರು. ಕಿವಿಗಳು ಮಾತ್ರ ಉದ್ದವಾಗುತ್ತಿದ್ದವು. “ಎಲ್ಲಾ ಕುಗ್ಗಾಕತ್ತಾವ, ಕಿವಿ ಒಂದ ಬೆಳ್ಯಾಕತ್ಯಾವ. ಕೇಳೂದು ಮಾತ್ರ ಕಮ್ಮಿ. ದೊಡ್ಡ ಅಂಗಡಿ, ಒಳಗ ಮಾಲಿಲ್ಲ.”

ಇದನ್ನೆಲ್ಲ ಬರೆಯುವಾಗ ಕಾಕಾ ಭಾರಿ ವಿನೋದಗಾರರಾಗಿದ್ದರು ಎನ್ನಿಸುತ್ತದೆ. ಆ ಬಗ್ಗೆ ನನಗೆ ಸಂಶಯವಿದೆ. ಐದಾರು ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಆಡಿದ ಮಾತುಗಳನ್ನು ನೆನಪು ಒಂದೇ ಹಾಳೆಯಲ್ಲಿ ಜೋಡಿಸಿಕೊಟ್ಟಿದೆ. ಉಳಿದ ದಿನಗಳಲ್ಲಿ ಅವರು ತಲೆ ತಗ್ಗಿಸಿ ಗುಂಡಿಗಳಿಗೆ ಖಾಜಾ ಹೊಲಿಯುತ್ತಿದ್ದರು, ಓಣಿಯಲ್ಲಿ ಹೋಗುವವರನ್ನು ಹುಬ್ಬಿನಡಿಯಿಂದ ನೋಡುತ್ತಿದ್ದರು, ಅಷ್ಟೇ.

ತಮಾಷೆ ನಿಲ್ಲುತ್ತಿದ್ದುದು ಕಣ್ಣಿನ ವಿಷಯ ಬಂದಾಗ. ಕಣ್ಣು ಹೋದರೆ ಕಸುಬು ಹೋಯಿತು. ಅವರಿಗೆ ಇನ್ನಾವ ಕೆಲಸವೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಂತೆಯಲ್ಲಿ ಪೆಟ್ಟಿಗೆ ಇಟ್ಟು ಮಾರುವವನಿಂದ ಒಂದೊಂದನ್ನೇ ಹಾಕಿ ನೋಡಿ ತಂದ ಕನ್ನಡಕ ಇತ್ತು. ಅದು ಸಾಲದಾಯಿತು. ಆಗ ದೊಡ್ಡ ಯುದ್ಧ ನಡೆದಿತ್ತು. ಕಾಕಾ ಎಲ್ಲವನ್ನೂ ಯುದ್ಧದ ಮೇಲೆ ಹಾಕಿದರು.

“ಕಬ್ಬಿಣ ಎಲ್ಲಾ ಬಂದೂಕಿಗೆ ಹೋಗೇತ್ರಿ. ಸೂಜಿ ಕಣ್ಣು ಸಣ್ಣ ಮಾಡ್ಯಾರ.”

“ಸಣ್ಣ ತೂತು ಮಾಡಿದ್ರ ಕಬ್ಬಿಣ ಹೆಚ್ಚು ಬೇಕಾಗತೈತಲ್ರಿ ಕಾಕಾ?”

ಅವರು ನನ್ನನ್ನು ದಿಟ್ಟಿಸಿದರು. “ನೀವು ಸರ್ಕಾರಿ ಮಾಸ್ತರು. ನೀವು ಅವರ ಕಡಿಽ ಮಾತಾಡತೀರಿ.”

ಸೀಮೆಎಣ್ಣೆಯಲ್ಲಿ ನೀರು ಬೆರೆಸುತ್ತಾರೆ, ಅದಕ್ಕೇ ದೀಪ ಮಂಕು. ಕಾಗದದ ಬರ, ಅದಕ್ಕೇ ಪತ್ರಿಕೆಯ ಅಕ್ಷರ ಸಣ್ಣ. ಇದರಲ್ಲಿ ಎಷ್ಟು ಸುಳ್ಳು ಎಂದು ನಾನು ಈಗಲೂ ಹೇಳಲಾರೆ. ಪತ್ರಿಕೆಯ ಅಕ್ಷರ ನಿಜವಾಗಿಯೂ ಸಣ್ಣದಾಗಿತ್ತು.

ಹೀಗಿರುವಾಗ, ಎರಡು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಓಣಿಯ ಈಚೆಗೆ ಕೇಳುವಂತೆ ಕೂಗಿದರು. “ಮಾಸ್ತರ್ರ! ಬರ್ರಿ ಇಲ್ಲಿ!”

ಹೋದೆ. ಕನ್ನಡಕ ಚಾಪೆಯ ಮೇಲಿತ್ತು. ಅವರು ಸಣ್ಣ ಸೂಜಿಯೊಂದನ್ನು ಮೂಗಿನ ಹತ್ತಿರ ಹಿಡಿದು ಒಂದೇ ಏಟಿಗೆ ನೂಲು ಪೋಣಿಸಿದರು. ಬಿಚ್ಚಿದರು, ಮತ್ತೆ ಪೋಣಿಸಿದರು. ಪತ್ರಿಕೆ ತೆಗೆದು ಬರಿಗಣ್ಣಿನಲ್ಲಿ ಓದಿದರು. ಓಣಿಯ ಜನ ಸೇರಿದರು. ಪಕ್ಕದ ಮನೆಯ ಮುದುಕಿಯೊಬ್ಬಳು, “ಏ ಸಿಂಪಿಗ, ಹರೇ ತಿರುಗಿ ಬಂತೇನಲೋ? ಚಿಗವ್ವಾ, ಬಾಗಲಾ ಭದ್ರ ಮಾಡ್ಕೋ!” ಅಂದಳು. ಚಿಗವ್ವ ಸೆರಗು ಬಾಯಿಗೆ ಒತ್ತಿ ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ಕಾಕಾನ ಮುಖದಲ್ಲಿ ನಗು ಇರಲಿಲ್ಲ. “ಕೇಳದಽ ಕೊಟ್ಟಾರಂದ್ರ, ಕೇಳದಽ ಏನೋ ಒಯ್ದಾರ,” ಅಂದರು. ಏನು ಹೋಗಿದೆ ಎಂದು ಹುಡುಕಲು ಶುರುಮಾಡಿದರು. ನನ್ನ ಬಾಗಿಲಲ್ಲಿ ನಿಂತವರು ಯಾರೆಂದು ಅವರಿಗೆ ಈಗ ಗುರುತು ಸಿಗುತ್ತಿರಲಿಲ್ಲ, ನಡಿಗೆಯಿಂದ ಊಹಿಸುತ್ತಿದ್ದರು. ಬಿದಿಗೆಯ ಚಂದ್ರ ಒಂದರ ಮೇಲೊಂದು ಎರಡಾಗಿ ಕಾಣುತ್ತಿತ್ತು. ದೀಪದ ಸುತ್ತ ಬಣ್ಣದ ಬಳೆ. ಇವನ್ನೆಲ್ಲ ಆಗ ಅವರು ನನಗೆ ಹೇಳಲಿಲ್ಲ. ಕಳೆದುಕೊಂಡದ್ದರ ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಪಟ್ಟಿಯಲ್ಲಿ ಒಂದು ಮಾತ್ರ ಬಿಟ್ಟುಹೋಗಿತ್ತು. ಅದನ್ನು ನನ್ನ ಶೇರ್ವಾನಿ ತೋರಿಸಿತು.

ಸಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ನಿಜಾಮರ ಸೀಮೆಯಲ್ಲಿ ಕಪ್ಪು ಶೇರ್ವಾನಿ ಇಲ್ಲದೆ ಸಾಹೇಬರ ಎದುರು ನಿಲ್ಲುವಂತಿರಲಿಲ್ಲ, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಟ್ಟೆಯ ಕಂಟ್ರೋಲಿನ ಕಾಲ. ಸರದಿಯಲ್ಲಿ ನಿಂತು ತಂದ ಕಪ್ಪು ಬಟ್ಟೆ ಮೈಗೂ ತೋಳಿಗೂ ಸಾಕಾಯಿತು, ಕಾಲರಿಗೆ ಸಾಲಲಿಲ್ಲ. “ನನ್ನ ಗಂಟಿನ್ಯಾಗ ಕರೇ ತುಂಡು ಐತಿ, ಬಿಡ್ರಿ,” ಅಂದರು ಕಾಕಾ. ಬರಿಗಣ್ಣಿನಲ್ಲಿ ಖಾಜಾ ಹೊಲಿದರು. ಅಂಥ ಖಾಜಾ ನಾನು ಮತ್ತೆ ನೋಡಿಲ್ಲ, ಇರುವೆ ಸಾಲಿನಂತೆ ಒತ್ತೊತ್ತಾದ ಹೊಲಿಗೆ.

ಅವರ ಅಂಗಡಿಯ ನೆರಳಿನಲ್ಲಿ ತೊಟ್ಟು ನೋಡಿದೆ. ಚೆನ್ನಾಗಿತ್ತು. ಸಾಲೆಯ ಅಂಗಳದ ಬಿಸಿಲಿಗೆ ಬಂದಾಗ ಹೆಡ್‌ಮಾಸ್ತರರು ನನ್ನ ಕುತ್ತಿಗೆ ನೋಡಿದರು.

“ಮಾಸ್ತರ, ಮೈ ನಮ್ಮ ಸಾಲಿಗಿ ಬಂದೈತಿ. ಕಾಲರ್ ಬ್ಯಾರೆ ಇಲಾಖಿಗಿ ಹೊಂಟೈತೇನು?”

ಕಾಲರು ನೀಲಿ. ಕಡುನೀಲಿ, ಆದರೆ ನೀಲಿಯೇ. ಮಕ್ಕಳು ಕಿಸಕ್ಕೆಂದರು. ಇನ್ಸ್‌ಪೆಕ್ಟರ್ ಸಾಹೇಬರು ಬಂದರು, ಕಾಲರನ್ನು ನೋಡಿದರು, ಮುಗುಳ್ನಕ್ಕರು, ಪಾಠ ಕೇಳಿದರು, ಹೋದರು. ನೌಕರಿಗೆ ಏನೂ ಆಗಲಿಲ್ಲ. ನಾನು ಮಾತ್ರ ಆ ದಿನವಿಡೀ ಕುತ್ತಿಗೆಯ ಮೇಲೆ ಕೈ ಇಟ್ಟುಕೊಂಡೇ ಕಳೆದೆ.

ಸಂಜೆ ಕಾಕಾ ಕೇಳಿದರು. “ಏನಂದ್ರು ಸಾಹೇಬ್ರು?”

“ಭಾಳ ಛಲೋ ಐತಿ ಅಂದ್ರಿ.”

“ಯಾವುದು?”

“ಎಲ್ಲಾನು.”

ಎಲ್ಲವೂ ಚೆನ್ನಾಗಿದೆ ಎನ್ನುವ ಗಿರಾಕಿಯನ್ನು ಅವರು ಎಂದೂ ನಂಬಿದವರಲ್ಲ. ಕೋಟನ್ನು ಇಸಿದುಕೊಂಡು ಹೊರಗೆ ಬಿಸಿಲಿಗೆ ಹಿಡಿದರು. ತಿರುವಿ ತಿರುವಿ ನೋಡಿದರು. ಚಿಗವ್ವನನ್ನು ಕರೆದರು. “ಏನರ ಕಾಣತೈತೇನು?” ಚಿಗವ್ವನೂ ಅವರಿಗಿಂತ ಎರಡು ಮೂರು ವರ್ಷವಷ್ಟೇ ಸಣ್ಣವಳು. ಬಗ್ಗಿ ನೋಡಿ, “ಕರೇ ಕೋಟು ಕಾಣತೈತಿ. ಇನ್ನೇನು ಕಾಣಬೇಕು?” ಅಂದಳು. ಕೋಟು ನನಗೆ ತಿರುಗಿ ಬಂತು.

ಮೂರು ದಿನ ಕಳೆಯಿತು. ನಾನು ಸಾಲೆಯಿಂದ ಬರುತ್ತಿದ್ದಾಗ ಕರೆದರು. ಕೈಯಲ್ಲಿ ಎರಡು ನೂಲಿನ ರೀಲು, ಒಂದು ಕಪ್ಪು, ಒಂದು ಕಡುನೀಲಿ, ಕಾಗದದ ಚೀಟಿ ಕಿತ್ತವು. ಬೇರೆ ಕಡೆ ನೋಡುತ್ತ, ಅವಸರದ ದನಿಯಲ್ಲಿ, “ಮಾಸ್ತರ್ರ, ಇದರಾಗ ಕರೇದು ಯಾವುದು, ಲಗೂ ಕೊಡ್ರಿ, ಗಿರಾಕಿ ಬರ್ತಾನ” ಅಂದರು. ನಾನು ಯೋಚಿಸಲಿಲ್ಲ. ಬಲಗಡೆಯ ರೀಲನ್ನು ಎತ್ತಿ ಅವರ ಕೈಯಲ್ಲಿಟ್ಟೆ.

ಅವರು ಅದನ್ನೂ ಉಳಿದದ್ದನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

“ನನಗ ಎರಡೂ ಒಂದ,” ಅಂದರು. “ನಿನಗ ಒಂದ ಗಳಿಗೀನು ಹತ್ತಲಿಲ್ಲ. ಅಂದ್ರ ಆ ಕಾಲರು ನಿನಗ ಅವತ್ತಽ ಕಂಡೈತಿ. ಮೂರು ದಿನ ಆತು ತಮ್ಮಾ, ನೀ ನನಗ ಸುಳ್ಳು ಹೇಳಿ.”

ಅಲ್ಲಿಯವರೆಗೆ ಅವರು ನನ್ನನ್ನು ಒಮ್ಮೆಯೂ ಹೀಗೆ ಏಕವಚನದಲ್ಲಿ ಕರೆದಿರಲಿಲ್ಲ. “ನಿಮಗ ಬ್ಯಾಸರ ಆದೀತಂತ…” ಅಂದೆ.

“ಬ್ಯಾಸರ ಆಗಿದ್ರ ಕುಂತು ಸರಿ ಮಾಡತಿದ್ದೆ. ಈಗ ಊರಾಗ ನನ್ನ ಹೊಲಿಗಿ ಎಷ್ಟು ಜನರ ಮೈಮ್ಯಾಲೆ ಹಿಂಗ ಅಡ್ಡಾಡಾಕತ್ತೈತೋ, ಎಷ್ಟು ಮಂದಿ ನಿನ್ನಂಗ ಮರ್ಯಾದಿಗೆ ಬಾಯಿ ಮುಚ್ಚ್ಯಾರೋ. ಯಾರನ್ನ ಕೇಳಲಿ?”

ಮರುದಿನದಿಂದ ಬಣ್ಣದ ಬಟ್ಟೆ ಹಿಡಿಯಲಿಲ್ಲ. ಬಿಳಿ ಅಂಗಿ, ಬಿಳಿ ಪೈಜಾಮ ಮಾತ್ರ. ಒಂದೊಂದೇ ಕಣ್ಣು ಮುಚ್ಚಿ ಬಿಳಿ ಬಟ್ಟೆ ನೋಡಿ, ಬಲಗಣ್ಣಿಗೆ ಅದು ಚಹಾದಲ್ಲಿ ಅದ್ದಿ ತೆಗೆದಂತೆ ಕಾಣುತ್ತದೆ, ಎಡಗಣ್ಣಿಗೆ ಅಷ್ಟಿಲ್ಲ ಎಂದು ಕಂಡುಹಿಡಿದರು. ಎರಡು ಸಾಕ್ಷಿಗಳು ಬೇರೆ ಬೇರೆ ಹೇಳಿದಾಗಲೇ ಸುಳ್ಳು ಸಿಕ್ಕಿಬೀಳುವುದು ಎಂದರು.

ಆ ವರ್ಷ ಕನಕಗಿರಿಯ ಸಂತೆಯಲ್ಲಿ ಒಬ್ಬ ಕಣ್ಣಿನ ವೈದ್ಯ ಕೂರುತ್ತಾನೆಂದು ಸುದ್ದಿ ಬಂತು. ಇಂಥವರು ಊರೂರು ತಿರುಗುತ್ತಿದ್ದರು. ಕಣ್ಣಿಗೆ ಸೂಜಿ ಚುಚ್ಚಿ ಪೊರೆಯನ್ನು ಒಳಕ್ಕೆ ತಳ್ಳಿಬಿಡುವುದು. ತಕ್ಷಣ ಬೆಳಕು ಕಾಣುತ್ತದೆ, ಜನ ಕೈಮುಗಿಯುತ್ತಾರೆ, ಕಣ್ಣು ಕೀತು ಹೋಗುವಷ್ಟರಲ್ಲಿ ವೈದ್ಯ ಮುಂದಿನ ಊರಿನಲ್ಲಿರುತ್ತಾನೆ. ಚಿಗವ್ವನ ತವರು ಆ ಕಡೆಯೇ. ಇಬ್ಬರೂ ಹೋದರು.

ಅಲ್ಲಿ ನಡೆದದ್ದನ್ನು ಕಾಕಾ ಹೇಳಿದ್ದು ಹೀಗೆ. ವೈದ್ಯ ಸೂಜಿ ತೆಗೆದಾಗ ಕಾಕಾ ತಮ್ಮ ಟೋಪಿಯ ಅಂಚಿನಿಂದ ತಮ್ಮದೇ ಸೂಜಿ ತೆಗೆದು, ನೂಲು ಕೊಟ್ಟು, “ಮೊದಲ ಇದನ್ನ ಪೋಣಸು. ಆಮ್ಯಾಲೆ ನನ್ನ ಕಣ್ಣಿಗೆ ಕೈ ಹಚ್ಚು” ಎಂದರು. ವೈದ್ಯನಿಗೂ ಅರವತ್ತರ ಹತ್ತಿರ. ತೋಳು ಚಾಚಿ ದೂರ ಹಿಡಿದ, ನೂಲು ಎಂಜಲು ಮಾಡಿದ, ಮೂರು ಸಲ ತಪ್ಪಿದ. ಕಾಕಾ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದು ಒಂದೇ ಏಟಿಗೆ ಪೋಣಿಸಿ, “ನಿನ್ನ ಕಣ್ಣಿಗೆ ಯಾರು ಚುಚ್ಚಬೇಕಪಾ?” ಅಂದರು. ಸಂತೆಯೆಲ್ಲ ನಕ್ಕಿತು.

ಚಿಗವ್ವ ಹೇಳಿದ್ದು ಬೇರೆ. ಕಣ್ಣು ತೊಳೆಸಿಕೊಂಡು, ತಲೆ ಹಿಡಿಸಿಕೊಂಡು, ಸೂಜಿ ಹತ್ತಿರ ಬಂದಾಗ ಇವರು ಎದ್ದು ಓಡಿದರಂತೆ. ಟೋಪಿ ಅಲ್ಲೇ ಬಿದ್ದಿತ್ತಂತೆ, ಅವಳೇ ತಂದಳಂತೆ. “ನಲವತ್ತು ವರ್ಷ ಸೂಜಿ ಹಿಡದಾವ್ರು, ಸೂಜಿಗೆ ಹಂಗ ಅಂಜಿದ್ದು ನಾ ನೋಡಿಲ್ಲ.” ನನಗೆ ಎರಡೂ ನಿಜವೆನ್ನಿಸುತ್ತವೆ. ಯಾವುದು ಮೊದಲು ನಡೆಯಿತು ಎಂದು ಕೇಳಲಿಲ್ಲ.

ಆಮೇಲೆ ಹಟ ಮಾಡಿದವನು ನಾನು. ಸುಳ್ಳಿಗೆ ದಂಡ ಕಟ್ಟಬೇಕಿತ್ತು. ಒಂದು ರಜೆಯಲ್ಲಿ ರೈಲು ಹತ್ತಿಸಿ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿದರು. ಬರಿಗಣ್ಣಿನಲ್ಲಿ ಸೂಜಿ ಪೋಣಿಸಲು ಬಂದ ಕಥೆ ಕೇಳಿ ಅವರಿಗೆ ಆಶ್ಚರ್ಯವಾಗಲಿಲ್ಲ. ಕಣ್ಣಿನ ಒಳಗೊಂದು ತಿಳಿಯಾದ ಬಿಲ್ಲೆ ಇರುತ್ತದೆ, ವಯಸ್ಸಾದಂತೆ ಅದು ಗಟ್ಟಿಯಾಗುತ್ತದೆ ಎಂದರು. ನಡುಭಾಗ ಬಿರುಸಾಗಿ ಹಳದಿ, ಆಮೇಲೆ ಕಂದು. ಹಾಗೆ ಬಿರುಸಾಗುವಾಗ ಅದೇ ಒಂದು ಭೂತಗನ್ನಡಿಯಂತೆ ಕೆಲಸ ಮಾಡಿ ಹತ್ತಿರದ್ದನ್ನು ಸ್ಪಷ್ಟ ತೋರಿಸುತ್ತದೆ, ದೂರದ್ದನ್ನು ಕೆಡಿಸುತ್ತದೆ. ಹಳದಿ ಗಾಜಿನಾಚೆ ನೀಲಿ ಕಾಣುವುದಿಲ್ಲ. ಮೆಲ್ಲಗೆ ಆಗುವುದರಿಂದ, ಹೋದದ್ದು ಹೋದವನಿಗೇ ತಿಳಿಯುವುದಿಲ್ಲ.

ಕಾಕಾ ಇದನ್ನು ಕೇಳಿ ನನ್ನ ಕಡೆ ತಿರುಗಿದರು. “ನೋಡಿದೇನು? ಹರೇ ಅಲ್ಲ ಅದು. ಪೊರಿ ಹರೇದ ಸೋಗು ಹಾಕಿತ್ತು. ನಾ ಮೊದಲ ಅಂದಿದ್ದೆ.”

ಆಗಲೇ ತೆಗೆಯಲಾಗದು, ಪೊರೆ ಇನ್ನೂ ಕಾಯಿ, ಹಣ್ಣಾಗಲಿ ಎಂದರು ಡಾಕ್ಟರು. ಆ ಕಾಲದ ಪದ್ಧತಿಯೇ ಅದು. ಒಂದು ವರ್ಷ ಕಾದೆವು. ಕೊಟ್ಟದ್ದನ್ನೂ ಕಣ್ಣು ವಾಪಸು ತೆಗೆದುಕೊಂಡಿತು. ಸೂಜಿಯ ತೂತು ಮತ್ತೆ ಮಾಯವಾಯಿತು. ಸಾಲೆಗೆ ಹೋಗುವ ಮೊದಲು ಹತ್ತು ಸೂಜಿಗೆ ನೂಲು ಹಾಕಿ ಚುಚ್ಚಿಟ್ಟು ಹೋಗುತ್ತೇನೆ ಎಂದೆ. “ನೀ ಗಿಡ್ಡ ನೂಲು ಹಾಕಿ ಓಡತೀ” ಎಂದು ಮೊದಲು ಒಪ್ಪಲಿಲ್ಲ, ಆಮೇಲೆ ಪ್ರತಿ ನೂಲನ್ನೂ ಮೊಳಕೈಗೆ ಅಳೆದು ನೋಡಿ ಒಪ್ಪಿದರು. ಆ ಜರಡಿ ಬೆರಳಿನಿಂದಲೇ ಹೊಲಿಗೆಯ ದಾರಿ ತಡವುತ್ತ ಬಿಳಿ ಅಂಗಿಗಳ ಕೆಳಅಂಚು ಮಡಿಚಿ ಹೊಲಿದರು. ಮಷೀನಿಗೆ ಚಿಗವ್ವ ಬಟ್ಟೆ ಮುಚ್ಚಿದಳು.

ಮುಂದಿನ ಚಳಿಗಾಲ ಬಲಗಣ್ಣಿನ ಶಸ್ತ್ರಕ್ರಿಯೆ. ಎರಡೂ ಕಣ್ಣಿಗೆ ಪಟ್ಟಿ, ತಲೆ ಅಲುಗದಂತೆ ಎರಡು ಬದಿಗೆ ಮರಳಿನ ಚೀಲ. ಕೆಮ್ಮಬಾರದು, ಸೀನಬಾರದು, ನಗಬಾರದು. ಹತ್ತು ದಿನಕ್ಕಿಂತ ಹೆಚ್ಚು ಹಾಗೆ ಮಲಗಿದ್ದರು. ನಾನು ನೋಡಲು ಹೋದಾಗ ಅಲುಗದೆ ತುಟಿಯಿಂದಷ್ಟೇ ಕೇಳಿದರು. “ತಮ್ಮಾ, ತಗದ ಬಿಲ್ಲಿ ಅವರು ನನಗ ತೋರಿಸಿಲ್ಲ. ತಗದಾರೋ, ಹಂಗ ಕಟ್ಟ್ಯಾರೋ?”

ಆಮೇಲೆ ಸೀಸೆಯ ತಳದಂಥ ದಪ್ಪ ಕನ್ನಡಕ ಕೊಟ್ಟರು. ಬಿಲ್ಲೆ ತೆಗೆದ ಕಣ್ಣಿಗೆ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತು. ನೀರಿನ ಲೋಟ ಹಿಡಿಯಲು ಹೋಗಿ ಗಾಳಿ ಹಿಡಿಯುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಆಕಾಶ ನೋಡಿ ನಿಂತುಬಿಟ್ಟರು.

“ಇಷ್ಟು ನೀಲಿ ಇತ್ತೇನು ಮೊದಲ?”

“ಇತ್ರಿ.”

“ಕಣ್ಣಾಗ ಬಣ್ಣ ಹಾಕ್ಯಾರ,” ಅಂದರು. ಅಂದರೂ ನೋಡುತ್ತಲೇ ಇದ್ದರು.

ಕೊಪ್ಪಳಕ್ಕೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಕನ್ನಡಿಯಲ್ಲಿ ಮುಖ ನೋಡಿಕೊಂಡದ್ದು. “ಭಟ್ಟ ಸರಿಯಾಗೇ ಓದ್ಯಾನ” ಅಂದರು. ಎರಡನೆಯದು, ನನ್ನ ಶೇರ್ವಾನಿ ತರಿಸಿದ್ದು. ಬಿಸಿಲಿಗೆ ಹಿಡಿದರು. ಕಾಲರನ್ನು ಕಂಡರು. ಕತ್ತರಿಯ ಮೊನೆಯಿಂದ ಹೊಲಿಗೆ ಬಿಚ್ಚತೊಡಗಿದರು.

ಕಪ್ಪು ಬಟ್ಟೆ ಊರಲ್ಲಿ ಸಿಗುತ್ತಿರಲಿಲ್ಲ. ಅವರು ಚಿಗವ್ವನಿಂದ ಟ್ರಂಕು ತೆಗೆಸಿದರು. ಅಡಿಯಲ್ಲಿ ಬೇವಿನೆಲೆಯ ನಡುವೆ ಅವರ ಮದುವೆಯ ಕಪ್ಪು ಕೋಟು ಇತ್ತು, ಅಪ್ಪ ಹೊಲಿದದ್ದು, ಕಂಬದ ಗೀರಿನ ಅಳತೆಯದು. ಅದರ ಬೆನ್ನಿಗೆ ಖಡುವಿನಿಂದ ಗೆರೆ ಎಳೆದರು. ಚಿಗವ್ವ ಬಾಗಿಲಲ್ಲಿ ನಿಂತು, “ಅದಕ್ಕ ಕತ್ರಿ ಹಾಕತೀರೇನು?” ಅಂದಳು.

“ಇದು ಇಪ್ಪತ್ತರ ಹುಡುಗಂದು. ಅವ ಊರಾಗಿಲ್ಲ,” ಅಂದರು ಕಾಕಾ. “ಎಲ್ಲಿ ಹೋಗ್ಯಾನೋ ತಿಳೀದು. ಬಂದ್ರ ನೋಡೂಣು.”

ಕತ್ತರಿಸಿದರು. ಬಿಸಿಲಿನಲ್ಲಿ ಕೂತು, ಆ ದಪ್ಪ ಗಾಜಿನಾಚೆಯಿಂದ, ಮೂರು ದಿನ ಹಿಡಿದು ಒಂದು ಕಾಲರು ಹೊಲಿದರು. ಹೊಲಿಗೆ ಮೊದಲಿನಷ್ಟು ಒತ್ತಾಗಿರಲಿಲ್ಲ. ಅದನ್ನು ಹೇಳಲೋ ಬೇಡವೋ ಎಂದು ನಾನು ತಡವರಿಸುತ್ತಿರುವುದನ್ನು ಕಂಡು ಅವರು ಕಾದರು, ಹೊಟ್ಟೆ ಎಳೆದುಕೊಂಡ ಗಿರಾಕಿಗೆ ಕಾಯುವ ಹಾಗೆ.

“ಮೊದಲಿನಂಗಿಲ್ರಿ ಕಾಕಾ,” ಅಂದೆ.

“ಹಾಂ,” ಅಂದರು. “ಈಗ ಹಾಕ್ಕೋ.”

ಬಿಚ್ಚಿದ ನೀಲಿ ಕಾಲರನ್ನು ಮಡಿಚಿ ಶೇರ್ವಾನಿಯ ಒಳಕಿಸೆಗೆ ತುರುಕಿದರು. “ಇದನ್ನ ಒಗೀಬ್ಯಾಡ. ನಿನಗೂ ನಿನ್ನ ಸಂವತ್ಸರ ತಿರುಗಿ ಬರ್ತೈತಿ. ಅವತ್ತು ನಿನಗ ಎಲ್ಲಾರೂ ಸುಳ್ಳು ಹೇಳತಾರ, ಮರ್ಯಾದಿಗೆ. ಇದು ಹೇಳಂಗಿಲ್ಲ.”

ಅವರು ಆಮೇಲೆ ಎರಡು ವರ್ಷವೂ ಇರಲಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ಗದ್ದಲದಲ್ಲಿ ನಾನು ಗಡಿಯಾಚೆ ಹೋಗಿದ್ದೆ. ಜ್ವರ ಬಂದು ಹೋದರೆಂದು ಚಿಗವ್ವ ಯಾರಿಂದಲೋ ಬರೆಸಿದ ಕಾಗದ ಬಹಳ ತಡವಾಗಿ ಸಿಕ್ಕಿತು. ಕೊನೆಯಲ್ಲಿ ಏನಂದರು ಎಂದು ಅದರಲ್ಲಿರಲಿಲ್ಲ. ಇದ್ದಿದ್ದರೂ ನಾನು ಪೂರ್ತಿ ನಂಬುತ್ತಿರಲಿಲ್ಲ.

ನನ್ನ ಸಂವತ್ಸರವೂ ತಿರುಗಿ ಬಂದು ಹೋಗಿ ಕೆಲವು ವರ್ಷವಾಯಿತು. ಕಿವಿ ಉದ್ದವಾಗಿದೆ, ಕೈಯ ಚರ್ಮ ಎತ್ತಿ ಬಿಟ್ಟರೆ ನಾಲ್ಕು ಎಣಿಸಬಹುದು. ಹೋದ ತಿಂಗಳು ಅಂಗಿಯ ಗುಂಡಿ ಹಚ್ಚಲು ಕೂತವನಿಗೆ ಕನ್ನಡಕ ಸಿಗಲಿಲ್ಲ. ಹಾಗೇ ಪ್ರಯತ್ನಿಸಿದೆ. ನೂಲು ಒಂದೇ ಏಟಿಗೆ ಸೂಜಿಯೊಳಗೆ ಹೋಯಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಎದ್ದು ಹಳೆಯ ಶೇರ್ವಾನಿ ತೆಗೆದೆ. ಅಂಗಳದ ಬಿಸಿಲಿಗೆ ಹೋಗಿ ಅದನ್ನು ಕಟ್ಟೆಯ ಮೇಲೆ ಹಾಸಿ, ಕಿಸೆಯಿಂದ ನೀಲಿ ಕಾಲರನ್ನು ತೆಗೆದು ಅದರ ಎದೆಯ ಮೇಲಿಟ್ಟೆ. 

ಮೊಮ್ಮಗಳು ಊಟಕ್ಕೆ ಕರೆದಳು. ಬಂದೆ ಎನ್ನುತ್ತ ಕಾಲರನ್ನು ಎತ್ತಿಕೊಳ್ಳಲು ಹೋದೆ. ಅದು ಎಲ್ಲಿದೆ ಎಂದು ಬೆರಳಿನಿಂದ ತಡವಿ ಹುಡುಕಬೇಕಾಯಿತು.

ನಾಳೆ ಬೆಳಗಿನ ರೈಲಿಗೆ ಬಳ್ಳಾರಿಗೆ ಹೊರಟಿದ್ದೇನೆ.